ಹಳೆಯ ಹೆಸರನ್ನು ತಿದ್ದಬಾರದು

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ವಿದ್ಯಾರ್ಥಿಗಳ ಕಾಗುಣಿತವನ್ನು ಕೆಂಪು ಶಾಯಿಯಿಂದ ತಿದ್ದುತ್ತ ಬಂದವನು ನಾನು. ಆ ಅಭ್ಯಾಸವೇ ಒಮ್ಮೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರಿಗೆ ತೊಂದರೆಯನ್ನು ತಂದಿತು. ಅದನ್ನು ಹೇಳಿಕೊಳ್ಳುವುದರಿಂದ ಇನ್ನೊಬ್ಬರಿಗೆ ಉಪಕಾರವಾದೀತೆಂಬ ಆಸೆಯಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ.

ನಾನು ಅಧ್ಯಾಪಕನಾದ ಹೊಸತರಲ್ಲಿ ನನ್ನಲ್ಲಿ ಓದಿದವರು ಅವರು. ನಿಜವಾದ ಹೆಸರನ್ನು ಬಿಟ್ಟು ಪುಟ್ಟಲಕ್ಷ್ಮಮ್ಮ ಎಂದಿಟ್ಟುಕೊಳ್ಳೋಣ. ಮಗಳ ಬಾಣಂತನಕ್ಕೆಂದು ಅವರು ಹೊರದೇಶಕ್ಕೆ ಹೋಗಬೇಕಾಗಿತ್ತು. ಮದುವೆಯಾದಂದಿನಿಂದ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಲಕ್ಷ್ಮಿ ಎಂದು. ಪಾಸ್‌ಪೋರ್ಟಿಗೆ ಮೊದಲು ಹೆಸರನ್ನೇ ಹಾಗೆ ಬದಲಿಸಿಕೊಂಡುಬಿಡೋಣವೆಂದು ಪ್ರಮಾಣಪತ್ರದ ಕರಡನ್ನು ಬೆರಳಚ್ಚು ಮಾಡಿಸಿ ತಂದರು. "ಮೇಷ್ಟ್ರೇ, ನೀವೊಂದು ಸಲ ಕಣ್ಣಾಡಿಸಿಬಿಟ್ಟರೆ ನನಗೆ ಧೈರ್ಯ" ಎಂದರು.

ಕರಡು ಇಂಗ್ಲಿಷಿನಲ್ಲಿತ್ತು. ಹಳೆಯ ಹೆಸರು PUTTALAXMAMMA ಎಂದಿತ್ತು. ಕ್ಷಕಾರಕ್ಕೆ X ಅಕ್ಷರವೇ ಎಂದು ನನ್ನ ಕೈ ತಾನಾಗಿ ಚಲಿಸಿತು. X ತೆಗೆದು KSH ಎಂದು ತಿದ್ದಿಕೊಟ್ಟೆ. ಅವರು ಹಾಗೆಯೇ ನೋಟರಿಯವರ ಮುಂದೆ ಪ್ರಮಾಣ ಮಾಡಿ ರುಜು ಹಾಕಿದರು. ಹದಿನೈದು ದಿನಗಳ ಮೇಲೆ ಒಂದು ಕಚೇರಿಯಿಂದ ಕಾಗದ ಹಿಂದಿರುಗಿತು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ X ಅಕ್ಷರವಿದೆ, ಪ್ರಮಾಣಪತ್ರದಲ್ಲಿ ಹೆಸರು ಬಿಟ್ಟವಳು ಬೇರೊಬ್ಬಳು ಎಂಬುದು ಅವರ ಆಕ್ಷೇಪಣೆ. ಯೋಚಿಸಿದರೆ ಅದು ಸರಿಯೇ. ಹಳೆಯ ಹೆಸರೆಂಬುದು ಈಗ ಬರೆಯುವ ಮಾತಲ್ಲ, ಹಿಂದೆ ಬರೆದದ್ದರ ಪ್ರತಿ. ತಪ್ಪಿದ್ದರೆ ತಪ್ಪನ್ನೇ ಇದ್ದಂತೆ ಎತ್ತಿ ಬರೆಯಬೇಕು. ತಿದ್ದುವ ಸ್ವಾತಂತ್ರ್ಯ ನಮಗಿರುವುದು ಹೊಸ ಹೆಸರಿನಲ್ಲಿ ಮಾತ್ರ, ಅದೂ ಪ್ರಮಾಣ ಮಾಡುವ ತನಕ ಮಾತ್ರ.

ಎರಡನೆಯ ಸಲ ನಾವು ಕ್ರಮವಾಗಿ ಕುಳಿತೆವು. ಕರಡನ್ನು ಪಕ್ಕಕ್ಕಿಟ್ಟು ಮೊದಲು ಮೂಲ ದಾಖಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಪ್ರತಿಯೊಂದರಲ್ಲಿರುವ ಹೆಸರನ್ನೂ ಒಂದು ಹಾಳೆಯ ಮೇಲೆ ಅಕ್ಷರಕ್ಕೆ ಅಕ್ಷರ ಬರೆದುಕೊಂಡೆವು. ಅಂಕಪಟ್ಟಿಯಲ್ಲಿ PUTTALAXMAMMA. ಬ್ಯಾಂಕಿನ ಪುಸ್ತಕದಲ್ಲಿ PUTTA LAKSHMAMMA, ನಡುವೆ ಒಂದು ತೆರವು. ಊರಿನ ಜಮೀನಿನ ಪಹಣಿಯಲ್ಲಿ ಕನ್ನಡದಲ್ಲಿ ಪುಟ್ಟಲಕ್ಷ್ಮಮ್ಮ. ಕಣ್ಣಿಗೆ ಇವೆಲ್ಲ ಒಂದೇ ಹೆಸರಿನ ಮೂರು ಬರಹಗಳು. ಪ್ರಮಾಣಪತ್ರಕ್ಕಾದರೋ ಅವು ಮೂರು ಹೆಸರುಗಳು. ಅಂಕಪಟ್ಟಿಯದನ್ನು ಮುಖ್ಯ ಹೆಸರೆಂದು ಹಿಡಿದು, ಉಳಿದವನ್ನು ಯಾವ ದಾಖಲೆಯಲ್ಲಿ ಹಾಗಿದೆಯೆಂದು ಸೂಚಿಸಿ ಉಪನಾಮಗಳಾಗಿ ಹೇಳಿದೆವು. ನಮ್ಮ ದಾಖಲೆಗಳ ಭಾಷೆಯಲ್ಲಿ ಇದಕ್ಕೆ 'ಯಾನೆ' ಎನ್ನುವುದುಂಟು. ಉತ್ತರದ ಜಿಲ್ಲೆಗಳಲ್ಲಿ 'ಉರ್ಫ್', ಇಂಗ್ಲಿಷ್ ಕಾಗದಗಳಲ್ಲಿ 'ಅಲಿಯಾಸ್'. ಯಾವುದಾದರೂ ಒಂದನ್ನು ಆರಿಸಿಕೊಂಡು ಕೊನೆಯವರೆಗೆ ಅದನ್ನೇ ಬಳಸಬೇಕು.

ಹೊಸ ಹೆಸರಿನ ಬಗೆಗೆ ಅವರು ಇನ್ನೂ ನಿಶ್ಚಯಿಸಿರಲೇ ಇಲ್ಲವೆಂಬುದು ಆಗ ತಿಳಿಯಿತು. ಲಕ್ಷ್ಮಿ ಎಂಬುದರ ಮುಂದೆ ಗಂಡನ ಹೆಸರು ಬರಬೇಕು. ಅದು SRINIVAS ಎಂದೋ, SRINIVASA ಎಂದೋ? "ಹೇಗಾದರೂ ಆಗಬಹುದು ಮೇಷ್ಟ್ರೇ" ಎಂದರು. "ಹೇಗಾದರೂ ಆಗುವುದಿಲ್ಲ ತಾಯಿ, ಯಜಮಾನರ ದಾಖಲೆಯಲ್ಲಿ ಹೇಗಿದೆಯೋ ನೋಡು" ಎಂದೆ. ಅಲ್ಲಿ ಕೊನೆಯ A ಇತ್ತು. ಹೊಸ ಹೆಸರು LAKSHMI SRINIVASA ಎಂದು ಹಾಳೆಯ ತಲೆಯಲ್ಲಿ ಬರೆದು ಕೆಳಗೊಂದು ಗೆರೆ ಎಳೆದೆವು. ಮುಂದೆ ಕರಡನ್ನು ಒಪ್ಪಿಡುವುದು ಈ ಹಾಳೆಯೊಡನೆಯೇ ಹೊರತು ನೆನಪಿನೊಡನೆ ಅಲ್ಲ.

ಕರಡನ್ನು ಓದುವಾಗ ಇಬ್ಬರಿರಬೇಕು. ಅಚ್ಚುಕೂಟಗಳಲ್ಲಿ ಹಿಂದೆ ಒಬ್ಬರು ಮೂಲವನ್ನು ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡಚ್ಚಿನ ಮೇಲೆ ಬೆರಳಿಡುತ್ತಿದ್ದರು. ಅದೇ ಕ್ರಮ ಇಲ್ಲಿಗೂ ಹೊಂದುತ್ತದೆ. ಆದರೆ ಹೆಸರನ್ನು ಹೆಸರಾಗಿ ಓದಿದರೆ ಪ್ರಯೋಜನವಿಲ್ಲ. ಪರಿಚಿತವಾದ ಹೆಸರನ್ನು ಕಣ್ಣು ಇಡಿಯಾಗಿ ನುಂಗಿಬಿಡುತ್ತದೆ. ಅಕ್ಷರ ಅಕ್ಷರವಾಗಿ ಹೇಳಬೇಕು. ತೆರವಿದ್ದಲ್ಲಿ 'ತೆರವು' ಎಂದೂ, ಚುಕ್ಕೆಯಿದ್ದಲ್ಲಿ 'ಚುಕ್ಕೆ' ಎಂದೂ ಬಾಯಿಬಿಟ್ಟು ಹೇಳಬೇಕು.

ಆಮೇಲೆ ಎಣಿಕೆ. ಅವರ ಪತ್ರದಲ್ಲಿ ಹೊಸ ಹೆಸರು ಬರಬೇಕಾದದ್ದು ಐದು ಕಡೆ: ಆರಂಭದ ವಾಕ್ಯ, ಹೆಸರನ್ನು ಸ್ವೀಕರಿಸಿದೆನೆಂಬ ವಾಕ್ಯ, ಎಲ್ಲ ಹೆಸರುಗಳೂ ಒಬ್ಬಳೇ ವ್ಯಕ್ತಿಯವೆಂಬ ವಾಕ್ಯ, ಕೊನೆಯ ದೃಢೀಕರಣ, ರುಜುವಿನ ಕೆಳಗೆ. ಕಂಪ್ಯೂಟರಿನಲ್ಲಿ ಪೂರ್ಣ ಹೆಸರನ್ನು ಕೊಟ್ಟು ಹುಡುಕಿಸಿದರೆ ನಾಲ್ಕೇ ಸಿಕ್ಕಿದವು. ಐದನೆಯದು ಎಲ್ಲಿ ಹೋಯಿತು? ಬರಿಯ SRINIVAS ಎಂದು ಹುಡುಕಿಸಿದೆವು. ಗಂಡನ ಹೆಸರು ಬಂದ ಕಡೆಗಳೂ ಸೇರಿ ಎಲ್ಲವೂ ಎದ್ದುಬಂದವು. ಒಂದೊಂದರ ಬಾಲವನ್ನು ನೋಡುತ್ತ ಹೋದಾಗ ದೃಢೀಕರಣದ ಸಾಲಿನಲ್ಲಿ ಕೊನೆಯ A ಬಿಟ್ಟುಹೋಗಿತ್ತು. ನಡುವೆ ಎರಡು ತೆರವುಗಳು ಬಿದ್ದಿದ್ದರೂ ಎಣಿಕೆ ಹೀಗೆಯೇ ಕಡಿಮೆಯಾಗುತ್ತದೆ. ಯಂತ್ರಕ್ಕೆ ತಪ್ಪು ಯಾವುದೆಂದು ತಿಳಿಯದು. ಲೆಕ್ಕ ತಪ್ಪಿದೆಯೆಂಬುದನ್ನು ಅದು ತೋರಿಸುತ್ತದೆ, ಹುಡುಕಬೇಕಾದವರು ನಾವು.

ಪ್ರಮಾಣಪತ್ರ ಕನ್ನಡದಲ್ಲಿದ್ದರೆ ನಮ್ಮ ನುಡಿಯ ಸ್ವಭಾವದಿಂದಲೇ ಬೇರೆ ತೊಡಕುಗಳು ಹುಟ್ಟುತ್ತವೆ. ಸಂಸ್ಕೃತದ ದೀರ್ಘಾಂತವಾದ ಲಕ್ಷ್ಮೀ ಶಬ್ದ ಕನ್ನಡದಲ್ಲಿ ಲಕ್ಷ್ಮಿ ಎಂದು ಹ್ರಸ್ವವಾಗುತ್ತದೆ. ಲಕ್ಷ್ಮೀಪತಿ ಎಂಬಂಥ ಸಮಾಸದಲ್ಲಿ ದೀರ್ಘ ಉಳಿಯುತ್ತದೆ. ವ್ಯಾಕರಣಕ್ಕೆ ಎರಡೂ ಸಾಧು. ಒಂದೇ ಪತ್ರದಲ್ಲಿ ಎರಡೂ ಬಂದರೆ ಎರಡು ಹೆಸರುಗಳಾಗುತ್ತವೆ. ಇನ್ನೊಂದು ತೊಡಕು ವಿಭಕ್ತಿಯದು. 'ಪುಟ್ಟಲಕ್ಷ್ಮಮ್ಮಳಾದ ನಾನು', 'ಪುಟ್ಟಲಕ್ಷ್ಮಮ್ಮನೆಂದು' ಎಂದು ಬರೆದರೆ ಪ್ರತ್ಯಯವೂ ಸಂಧಿಯೂ ಸೇರಿಕೊಂಡು, ಹೆಸರು ಎಲ್ಲಿ ಮುಗಿಯಿತೆಂಬುದು ಮಸುಕಾಗುತ್ತದೆ. ಹೆಸರಿನ ಮುಂದೆ ಬಿಡಿಯಾಗಿ 'ಎಂಬ' ಎಂದು ಬರೆಯುವುದು ಉತ್ತಮ: 'ಪುಟ್ಟಲಕ್ಷ್ಮಮ್ಮ ಎಂಬ ಹೆಸರು', 'ಪುಟ್ಟಲಕ್ಷ್ಮಮ್ಮ ಎಂಬ ನಾನು'. ಪ್ರತ್ಯಯವೆಲ್ಲ 'ಹೆಸರು' ಎಂಬ ಮಾತಿಗೆ ಹತ್ತಲಿ. ವ್ಯಕ್ತಿಯ ಹೆಸರು ಎಲ್ಲೆಡೆಯೂ ಮುಟ್ಟದಂತೆ ನಿಲ್ಲಲಿ. ಶೈಲಿ ತುಸು ಬಿರುಸಾದೀತು, ಚಿಂತೆಯಿಲ್ಲ.

ಇಷ್ಟೆಲ್ಲ ನಡೆಯಬೇಕಾದದ್ದು ನೋಟರಿಯವರ ಮೊಹರು ಬೀಳುವ ಮುನ್ನ. ಪ್ರಮಾಣ ಮಾಡಿದ ಮೇಲೆ ಒಂದಕ್ಷರವನ್ನು ಹೊಡೆದು ಬರೆದರೂ ಅದು ತಿದ್ದಿದ ಕಾಗದವೆನಿಸುತ್ತದೆ. ಹೊಸದಾಗಿ ಬರೆಯಿಸಿ ಮತ್ತೆ ಪ್ರಮಾಣ ಮಾಡುವುದೇ ಸರಿಯಾದ ದಾರಿ. ಪತ್ರಿಕೆಯ ಪ್ರಕಟಣೆಗೂ ರಾಜ್ಯಪತ್ರಕ್ಕೂ ಹೆಸರುಗಳು ಈ ಪತ್ರದಿಂದಲೇ ಹೋಗುವುದರಿಂದ, ಇಲ್ಲಿ ಉಳಿದ ತಪ್ಪು ಅಲ್ಲಿಯೂ ಅಚ್ಚಾಗುತ್ತದೆ. ಒಂದು ಮಿತಿಯನ್ನೂ ನೆನಪಿಡಬೇಕು. ಪ್ರಮಾಣಪತ್ರವು ಅಂಕಪಟ್ಟಿಯ X ಅಕ್ಷರವನ್ನು ಅಳಿಸುವುದಿಲ್ಲ. ಆ X ಬರೆದ ಹೆಸರಿನವಳೂ ಈ ಹೊಸ ಹೆಸರಿನವಳೂ ಒಬ್ಬಳೇ ಎಂದು ಹೇಳುತ್ತದೆ, ಅಷ್ಟೆ. ಆದ್ದರಿಂದಲೇ ಆ X ಅಲ್ಲಿರಬೇಕು.

ಎರಡನೆಯ ಪತ್ರಕ್ಕೆ ಆಕ್ಷೇಪಣೆ ಬರಲಿಲ್ಲ. ಆದರೆ ಅವರು ಹೋಗಿ ಸೇರುವ ಹೊತ್ತಿಗೆ ಮೊಮ್ಮಗುವಿಗೆ ಮೂರು ವಾರ ತುಂಬಿತ್ತು. ಹೆರಿಗೆಯ ಹೊತ್ತಿಗೆ ಮಗಳ ಬಳಿ ಇರಲಾಗಲಿಲ್ಲವೆಂದು ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಲ್ಲಿಂದ ಬರೆದ ಕಾಗದದ ಕೊನೆಗೆ ಹೊಸ ಹೆಸರಿನಲ್ಲಿ ರುಜು ಮಾಡಿದ್ದರು. ನಾನು ಕನ್ನಡಕ ಹಾಕಿಕೊಂಡು ಅದರ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಸರಿಯಾಗಿತ್ತು.