ಸೀರಿಯಲ್ ಸೆಟ್ಟಿನ ದಾರಿ, ಸಾಕೆಟ್ಟಿನ ದಾರಿ

ವಿದ್ಯುತ್ ಉಪಕರಣಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಸರಣಿ ಜೋಡಣೆಯಲ್ಲಿ ವಿದ್ಯುತ್ತಿಗೆ ಒಂದೇ ದಾರಿ; ಒಂದು ಬಲ್ಬನ್ನು ದಾಟಿದ ಪ್ರವಾಹವೇ ಮುಂದಿನ ಬಲ್ಬಿಗೂ ಹೋಗಬೇಕು. ಸಮಾಂತರ ಜೋಡಣೆಯಲ್ಲಿ ಪ್ರತಿ ಉಪಕರಣಕ್ಕೂ ಬೇರೆ ಬೇರೆ ದಾರಿ ಇರುತ್ತದೆ.

ದೀಪಾವಳಿಗೆ, ಗಣೇಶನ ಮಂಟಪಕ್ಕೆ ಕಟ್ಟುವ ಹಳೆಯ ಸೀರಿಯಲ್ ಸೆಟ್ ಮೊದಲನೆಯ ಬಗೆಯದು. ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಅದರ ಪುಟ್ಟ ಬಲ್ಬು ತಡೆಯುವುದು 6 ವೋಲ್ಟಿನಷ್ಟು ಮಾತ್ರ. ಒಂದೇ ಬಗೆಯ 40 ಬಲ್ಬುಗಳನ್ನು ಸಾಲಾಗಿ ಜೋಡಿಸಿದರೆ 230 ವೋಲ್ಟ್ ಸಮನಾಗಿ ಹಂಚಿಹೋಗಿ, ಒಂದೊಂದರ ಪಾಲಿಗೆ 5.75 ವೋಲ್ಟ್ ಬರುತ್ತದೆ.

ಸಾಲಿನಲ್ಲಿ ಒಂದು ಬಲ್ಬಿನ ತಂತಿ ಕಡಿದರೂ ದಾರಿ ಮುಚ್ಚಿ ಇಡೀ ಸರ ಆರುತ್ತದೆ. ಪ್ರವಾಹ ನಿಂತ ಮೇಲೆ ಉಳಿದ ಬಲ್ಬುಗಳಲ್ಲಿ ವೋಲ್ಟೇಜು ಹಂಚಿಕೆಯಾಗುವುದಿಲ್ಲ. ಪೂರ್ತಿ 230 ವೋಲ್ಟ್ ಕಡಿದ ಜಾಗದ ಎರಡು ತುದಿಗಳ ನಡುವೆಯೇ ನಿಲ್ಲುತ್ತದೆ. ಬಲ್ಬು ಸಣ್ಣದೆಂದು ಆ ತುದಿಗಳನ್ನು ಮುಟ್ಟಿದರೆ ಶಾಕ್ ಖಚಿತ. ಆದ್ದರಿಂದ ಪ್ಲಗ್ ಕಿತ್ತ ಮೇಲಷ್ಟೇ ಬಲ್ಬು ಬದಲಿಸಬೇಕು. ಸುಟ್ಟ ಬಲ್ಬನ್ನು ತೆಗೆದು ತಂತಿಗಳನ್ನು ನೇರವಾಗಿ ಹೊಸೆದರೂ ಸರ ಉರಿಯುತ್ತದೆ, ಆದರೆ ಅದರ ಪಾಲು ಮಿಕ್ಕವುಗಳ ಮೇಲೆ ಬೀಳುತ್ತದೆ. ಹೀಗೆ ಹತ್ತು ಬಲ್ಬು ತೆಗೆದರೆ ಉಳಿದ ಒಂದೊಂದಕ್ಕೂ 7.7 ವೋಲ್ಟ್ ಬಂದು, ಅವು ಕಣ್ಣು ಕುಕ್ಕುವಂತೆ ಉರಿದು ಬೇಗನೆ ಸುಟ್ಟುಹೋಗುತ್ತವೆ.

ಈಗಿನ ಹಲವು ಎಲ್‌ಇಡಿ ಸರಗಳಲ್ಲಿ ಎರಡೂ ಬಗೆ ಬೆರೆತಿರುತ್ತವೆ: ಸಣ್ಣ ಸಣ್ಣ ಸಾಲುಗಳನ್ನು ಸಮಾಂತರವಾಗಿ ಜೋಡಿಸಿರುತ್ತಾರೆ. ಸರದ ಒಂದು ತುಂಡು ಮಾತ್ರ ಆರಿ ಮಿಕ್ಕದ್ದು ಉರಿಯುತ್ತಿದ್ದರೆ, ದೋಷವನ್ನು ಆ ತುಂಡಿನಲ್ಲೇ ಹುಡುಕಬೇಕು.

ಮನೆಯ ಸಾಕೆಟ್ಟುಗಳ ಜೋಡಣೆ ಸಮಾಂತರ. ಪ್ರತಿಯೊಂದಕ್ಕೂ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಬರುವುದರಿಂದ ಎಲ್ಲ ಉಪಕರಣಗಳಿಗೂ ಪೂರ್ತಿ 230 ವೋಲ್ಟ್ ಸಿಗುತ್ತದೆ. ಮಿಕ್ಸಿ ನಿಲ್ಲಿಸಿದರೆ ಫ್ರಿಜ್ ನಿಲ್ಲುವುದಿಲ್ಲ. ಆದರೆ ಇಲ್ಲಿ ಪ್ರವಾಹಗಳು ಕೂಡುತ್ತಾ ಹೋಗುತ್ತವೆ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತದೆ; 1500 ವ್ಯಾಟಿನ ಕೆಟಲ್, 6.5. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ, ಬೋರ್ಡಿನ ತಂತಿಯಲ್ಲೂ ಅದನ್ನು ಸಿಕ್ಕಿಸಿದ ಸಾಕೆಟ್ಟಿನಲ್ಲೂ ಹರಿಯುವುದು 10.8 ಆಂಪಿಯರ್. ಆ ಸಾಕೆಟ್ಟು 6 ಆಂಪಿಯರಿನದಾದರೆ ಪ್ಲಗ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕಂದುಗಟ್ಟುತ್ತದೆ, ಸುಟ್ಟ ವಾಸನೆ ಬರುತ್ತದೆ. ಕೆಟಲ್ಲಿನಂಥ ಉಪಕರಣಕ್ಕೆ ದಪ್ಪ ತಂತಿಯಿಂದ ಬಂದ 16 ಆಂಪಿಯರಿನ ಸಾಕೆಟ್ಟೇ ಬೇಕು.

ಸಮಾಂತರ ಜೋಡಣೆಯ ಈ ಅಪಾಯವನ್ನು ತಡೆಯುವುದು ಸರಣಿ ಜೋಡಣೆಯೇ. ಸಾಕೆಟ್ಟುಗಳಿಗೆ ಹೋಗುವ ಫೇಸ್ ತಂತಿಯಲ್ಲಿ ಎಂಸಿಬಿಯನ್ನು ಸರಣಿಯಲ್ಲಿ ಕೂರಿಸಿರುತ್ತಾರೆ. ಆ ಸಾಲಿನ ಒಟ್ಟು ಪ್ರವಾಹವೆಲ್ಲ ಅದರ ಮೂಲಕವೇ ಸಾಗಬೇಕಾದ್ದರಿಂದ, ಮಿತಿ ಮೀರಿದಾಗ ಅದೊಂದು ಟ್ರಿಪ್ ಆದರೆ ಸಾಕು, ಅಷ್ಟೂ ಸಾಕೆಟ್ಟುಗಳಿಗೆ ವಿದ್ಯುತ್ತು ನಿಲ್ಲುತ್ತದೆ.