ಗುಂಡಿಯ ಅಳತೆ, ಟ್ರೇಲರಿನ ಎಣಿಕೆ

ಪಾಯ ಅಗೆಯುವ ದಿನ ಮನೆ ಕಟ್ಟಿಸುವವರು ಹದಿನಾಲ್ಕು ಟ್ರೇಲರ್ ಮಣ್ಣು ಎಂದು ಲೆಕ್ಕ ಹಾಕಿರುತ್ತಾರೆ. ಸಂಜೆಗೆ ಎಣಿಸಿದರೆ ಹದಿನೆಂಟು ಲೋಡು ಹೋಗಿರುತ್ತದೆ. ಟ್ರ್ಯಾಕ್ಟರಿನವನ ಮೇಲೆ ಗುಮಾನಿ ಹುಟ್ಟುತ್ತದೆ, ಮಾತು ಬೆಳೆಯುತ್ತದೆ. ಇಬ್ಬರೂ ಸರಿಯಾಗಿಯೇ ಎಣಿಸಿರಬಹುದು. ಒಬ್ಬರು ಅಳೆದದ್ದು ನೆಲದೊಳಗೆ ಬಿಗಿದು ಕೂತ ಮಣ್ಣನ್ನು, ಇನ್ನೊಬ್ಬರು ಸಾಗಿಸಿದ್ದು ಸಡಿಲಾದ ಮಣ್ಣನ್ನು.

ಧಾರವಾಡದ ಕಡೆಯ ಎರೆ ನೆಲದಲ್ಲಿ 30×40 ಅಡಿ ನಿವೇಶನವೊಂದಿದೆ ಎಂದುಕೊಳ್ಳೋಣ. ನಾಲ್ಕು ಅಡಿ ಇಳಿದರೆ ಗಟ್ಟಿ ಗರಸು ಸಿಗುತ್ತದೆ. ಅಲ್ಲಿಂದಲೇ ಸೈಜುಗಲ್ಲಿನ ಪಾಯ ಏಳಬೇಕು. ಗುಂಡಿಯ ಅಗಲ 3 ಅಡಿ, ಆಳ 4 ಅಡಿ. ಹೊರಗೋಡೆಗಳ ನಡುಗೆರೆಯಿಂದ ನಡುಗೆರೆಗೆ ಮನೆ 24×32 ಅಡಿ. ಮಧ್ಯೆ ಒಂದು ಅಡ್ಡಗೋಡೆ.

ಉದ್ದವನ್ನು ಹೊರ ಅಂಚಿನಲ್ಲಿ ಅಳೆದರೆ ನಾಲ್ಕೂ ಮೂಲೆಗಳ ಮಣ್ಣು ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಮೇಸ್ತ್ರಿಗಳು ನಡುಗೆರೆ ಹಿಡಿದು ಅಳೆಯುತ್ತಾರೆ. ಸುತ್ತಳತೆ 112 ಅಡಿ ಆಯಿತು. ಅಡ್ಡಗೋಡೆ 24 ಅಡಿಯದಾದರೂ ಅದರ ಎರಡು ತುದಿಗಳು ಆಗಲೇ ತೋಡಿದ ಗುಂಡಿಗೆ ಸೇರುತ್ತವೆ. ಎರಡೂ ಕಡೆ ಒಂದೂವರೆ ಅಡಿ ಕಳೆದರೆ ಉಳಿಯುವುದು 21 ಅಡಿ. ಒಟ್ಟು 133 ಅಡಿ ಉದ್ದ. ಅದನ್ನು 3ರಿಂದಲೂ 4ರಿಂದಲೂ ಗುಣಿಸಿದರೆ 1,596 ಘನ ಅಡಿ.

ಟ್ರೇಲರಿನ ಒಳ ಅಳತೆ 10×6×2 ಅಡಿ ಇದ್ದರೆ ಮಟ್ಟ ತುಂಬಿದಾಗ 120 ಘನ ಅಡಿ ಹಿಡಿಸುತ್ತದೆ. 1,596ನ್ನು 120ರಿಂದ ಭಾಗಿಸಿದರೆ 13.3, ಅಂದರೆ ಹದಿನಾಲ್ಕು ಲೋಡು. ತಪ್ಪು ನುಸುಳುವುದು ಈ ಭಾಗಾಕಾರದಲ್ಲಿಯೇ.

ವರ್ಷಗಳಿಂದ ಒತ್ತಿಕೊಂಡಿದ್ದ ಮಣ್ಣನ್ನು ಜೆಸಿಬಿಯ ಬಕೆಟ್ ಹೆಂಟೆಹೆಂಟೆಯಾಗಿ ಒಡೆದು ಎತ್ತುತ್ತದೆ. ಹೆಂಟೆಗಳ ಸಂದಿನಲ್ಲಿ ಗಾಳಿ ಸೇರುತ್ತದೆ. ಮಣ್ಣಿನ ತೂಕ ಅಷ್ಟೇ ಇರುತ್ತದೆ, ಅದು ಹಿಡಿಯುವ ಜಾಗ ಮಾತ್ರ ಹೆಚ್ಚುತ್ತದೆ. ಮರಳು ಮಣ್ಣು ಸುಮಾರು ಶೇ 10ರಿಂದ 15ರಷ್ಟು ಉಬ್ಬುತ್ತದೆ, ಸಾಮಾನ್ಯ ಮಣ್ಣು ಶೇ 25ರಷ್ಟು, ಜಿಗುಟು ಮಣ್ಣು ಶೇ 30ರಿಂದ 40ರವರೆಗೆ. ಮಳೆಗಾಲದಲ್ಲಿ ನೀರು ಕುಡಿದು ಎರೆಮಣ್ಣು ಹಿಗ್ಗುತ್ತದಲ್ಲ, ಆ ಗುಣಕ್ಕೂ ಈ ಉಬ್ಬಿಗೂ ಸಂಬಂಧವಿಲ್ಲ. ಒಣ ಮಣ್ಣನ್ನು ಅಗೆದರೂ ಅದು ಉಬ್ಬಿಯೇ ತೀರುತ್ತದೆ.

ನಮ್ಮ ಗುಂಡಿಗೆ ಶೇ 30 ಹಿಡಿದರೆ 1,596 ಘನ ಅಡಿ 2,075 ಆಗುತ್ತದೆ. 120ರಿಂದ ಭಾಗಿಸಿದರೆ 17.3. ಹದಿನೆಂಟನೆಯ ಟ್ರೇಲರ್ ಬಂದೇ ಬರಬೇಕು.

ಪುಸ್ತಕದ ಅಂಕಿ ಸ್ಥಳದ ಮಣ್ಣಿಗೆ ಒಪ್ಪುತ್ತದೆಯೇ ಎಂದು ನೋಡಲು ಒಂದು ಸನಿಕೆ, ಬಣ್ಣದ 20 ಲೀಟರ್ ಡಬ್ಬಿ ಸಾಕು. ಒಂದು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಅಂಚು ಕುಸಿಯದಂತೆ ತೋಡಬೇಕು. ಅದರ ಗಾತ್ರ 28 ಲೀಟರಿಗೆ ತುಸು ಮೇಲೆ. ಬಂದ ಮಣ್ಣನ್ನು ಒತ್ತದೆ, ಕುಕ್ಕದೆ ಡಬ್ಬಿಗೆ ತುಂಬಬೇಕು. ಒಂದು ಡಬ್ಬಿ ತುಂಬಿ ಎರಡನೆಯದು ಬಾಯಿಯ ಹತ್ತಿರಕ್ಕೆ ಬಂದರೆ ಸುಮಾರು 37 ಲೀಟರ್ ಆಯಿತು, ಅಂದರೆ ಶೇ 30ರ ಉಬ್ಬು. ಜೆಸಿಬಿ ಎತ್ತುವ ಹೆಂಟೆ ಸನಿಕೆಯದಕ್ಕಿಂತ ದೊಡ್ಡದಾದ್ದರಿಂದ ಇದು ಅಂದಾಜು ಮಾತ್ರ. ಆದರೂ ಕಣ್ಣಳತೆಗಿಂತ ಎಷ್ಟೋ ವಾಸಿ.

ಹದಿನೆಂಟರ ಬದಲು ಇಪ್ಪತ್ತೊಂದು ಲೋಡು ಹೋದರೆ? ಆಗ ಟೇಪು ಹಿಡಿದು ಗುಂಡಿಯ ಅಗಲ ನೋಡಬೇಕು. ಜೆಸಿಬಿ ತುಸು ಅತ್ತಿತ್ತ ಸರಿದು, ಅಂಚು ಕುಸಿದು 3 ಅಡಿಯದು ಮೂರೂವರೆ ಆಗಿರಬಹುದು. ಆ ಅರ್ಧ ಅಡಿಯಿಂದಲೇ 266 ಘನ ಅಡಿ ಮಣ್ಣು ಹೆಚ್ಚಾಗುತ್ತದೆ, ಉಬ್ಬಿದ ಮೇಲೆ ಸುಮಾರು 346. ಮೂರು ಟ್ರೇಲರ್ ಅಲ್ಲಿಗೇ ಸರಿಹೋಯಿತು.

ಅಗೆತಕ್ಕೆ ಘನ ಅಡಿಯ ದರ ಮಾತಾಡಿದ್ದರೆ ಅಳೆಯಬೇಕಾದದ್ದು ಗುಂಡಿಯನ್ನು. ಲೋಡಿನಿಂದ ಹಿಂದಕ್ಕೆ ಲೆಕ್ಕ ಹಾಕುವವರು ಇನ್ನೊಂದು ಕಡೆ ಎಡವುತ್ತಾರೆ. ಶೇ 30 ಉಬ್ಬಿದೆಯೆಂದು 2,075ರಲ್ಲಿ ಶೇ 30 ಕಳೆದರೆ ಸಿಗುವುದು 1,452; ಕೆಲಸಗಾರನ 144 ಘನ ಅಡಿ ದುಡಿಮೆ ಮಾಯ. 1.3ರಿಂದ ಭಾಗಿಸಬೇಕು, ಆಗಲೇ 1,596 ಬರುವುದು.

ಎರೆಮಣ್ಣನ್ನು ಪಾಯದ ಬದಿಗೆ ಮತ್ತೆ ತುಂಬಬಾರದು. ಗರಸು ತರಿಸಿ ದಮ್ಮಸು ಮಾಡಬೇಕು. ಹಾಗಾಗಿ ಇಲ್ಲಿ ಹದಿನೆಂಟೂ ಲೋಡು ಹೊರಗೆ ಹೋಗಲೇಬೇಕು. ಕೆಂಪು ನೆಲದಲ್ಲಾದರೆ ಬದಿಗೆ ಬೇಕಾಗುವಷ್ಟನ್ನು ನಿವೇಶನದಲ್ಲೇ ರಾಶಿ ಹಾಕಿ ಉಳಿಸಿಕೊಳ್ಳಬಹುದು, ಅಷ್ಟು ಲೋಡು ಉಳಿಯುತ್ತದೆ.

ಗುಂಡಿಯ ಅಗಲ, ಆಳವನ್ನು ಮೂರ್ನಾಲ್ಕು ಕಡೆ ಅಳೆದು, ಟ್ರೇಲರಿನ ಒಳ ಅಳತೆಯ ಜೊತೆ ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿಡಿ. ತಳಕ್ಕೆ ಕಾಂಕ್ರೀಟು ಬೀಳುವ ಮೊದಲೇ ಈ ಕೆಲಸ ಮುಗಿಯಬೇಕು; ಆಮೇಲೆ ಪೂರ್ತಿ ಆಳ ಟೇಪಿಗೆ ಸಿಗುವುದಿಲ್ಲ.