ತೋಳಂಚು ತಪ್ಪಿತ್ತು, ಮುಖ?

2024ರ ಮಾರ್ಚ್ 10, ಬ್ರಿಟನ್ನಿನಲ್ಲಿ ತಾಯಂದಿರ ದಿನ. ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಾರ್ವಜನಿಕವಾಗಿ ಕಾಣಿಸಿಕೊಳ್ಳದಿದ್ದ ರಾಜಕುಮಾರಿ ಕೇಟ್, ಮೂವರು ಮಕ್ಕಳ ನಡುವೆ ಕೂತು ನಗುತ್ತಿರುವ ಫೋಟೊ ಅಂದು ಕೆನ್ಸಿಂಗ್ಟನ್ ಅರಮನೆಯಿಂದ ಹೊರಬಿತ್ತು. ಸಂಜೆಯ ಹೊತ್ತಿಗೆ ಎಪಿ, ಎಎಫ್‌ಪಿ, ರಾಯಿಟರ್ಸ್ ಸುದ್ದಿಸಂಸ್ಥೆಗಳು ಅದನ್ನು ಹಿಂತೆಗೆದುಕೊಂಡವು. ಮಗಳು ಷಾರ್ಲೆಟ್‌ಳ ಎಡತೋಳಿನ ಅಂಚು ಕೈಗೆ ಸರಿಯಾಗಿ ಕೂಡಿರಲಿಲ್ಲ. ಅಷ್ಟು ಸಿಕ್ಕಿದ್ದೇ ತಡ, ಕೇಟ್ ಮುಖವೇ ಅಂಟಿಸಿದ್ದು, 2016ರ ‘ವೋಗ್’ ಪತ್ರಿಕೆಯ ಮುಖಪುಟದಿಂದ ಎತ್ತಿದ್ದು ಎಂಬ ಮಾತು ಹಬ್ಬಿತು. ಎರಡು ಮುಖಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದವರೂ ಇದ್ದರು.

ತೋಳು ತಿದ್ದಿದ್ದಾರೆ ಎನ್ನುವುದು ಒಂದು ಆರೋಪ, ಮುಖ ಅಂಟಿಸಿದ್ದಾರೆ ಎನ್ನುವುದು ಇನ್ನೊಂದು. ಮೊದಲನೆಯದರ ಪುರಾವೆ ಎರಡನೆಯದಕ್ಕೆ ಒದಗುವುದಿಲ್ಲ.

ಇಂಥ ಫೋಟೊ ಕೈಗೆ ಬಂದಾಗ ಮೊದಲ ಕೆಲಸ ಚಿತ್ರ ಕೊಟ್ಟು ಚಿತ್ರ ಹುಡುಕುವುದು. ಗೂಗಲ್ ಲೆನ್ಸ್ ಇದೆ, ಟಿನ್‌ಐ ಇದೆ. ಮುಖಗಳ ವಿಷಯದಲ್ಲಿ ರಷ್ಯಾದ ಯಾಂಡೆಕ್ಸ್ ಚುರುಕು. ಇಡೀ ಚಿತ್ರವನ್ನು ಒಮ್ಮೆ ಕೊಡಬೇಕು, ಮುಖದಷ್ಟನ್ನೇ ಕತ್ತರಿಸಿ ಇನ್ನೊಮ್ಮೆ, ಮುಖ ಬಿಟ್ಟು ಉಳಿದ ದೇಹ ಮತ್ತು ಹಿನ್ನೆಲೆಯನ್ನು ಮತ್ತೊಮ್ಮೆ. ಎಡಬಲ ತಿರುಗಿಸಿಯೂ ನೋಡುವುದು ಒಳ್ಳೆಯದು. ಕಳ್ಳರು ಹಾಗೆ ತಿರುಗಿಸುವುದುಂಟು. ಟಿನ್‌ಐಯಲ್ಲಿ ಫಲಿತಾಂಶವನ್ನು ಹಳೆಯದರಿಂದ ಜೋಡಿಸಿಕೊಳ್ಳಬಹುದು. ಆದರೆ ಅಲ್ಲಿನ ದಿನಾಂಕ ಫೋಟೊ ತೆಗೆದದ್ದಲ್ಲ, ಆ ಯಂತ್ರದ ಕಣ್ಣಿಗೆ ಮೊದಲು ಬಿದ್ದದ್ದು.

ಕೇಟ್ ವಿಷಯದಲ್ಲಿ ಇಲ್ಲೇ ಒಂದು ಬಲೆಯಿದೆ. ಆಕೆಯ ಮುಖ ಕತ್ತರಿಸಿ ಹುಡುಕಿದರೆ ಆಕೆಯದೇ ನೂರಾರು ಫೋಟೊ ಬರುತ್ತವೆ, ವೋಗ್ ಕೂಡ ಅದರಲ್ಲಿ ಒಂದಾಗಿರಬಹುದು. ಒಬ್ಬಳೇ ಹೆಂಗಸಿನ ಎರಡು ನಗುಮುಖಗಳನ್ನು ಮೇಲೆ ಮೇಲೆ ಇಟ್ಟರೆ ಕಣ್ಣು, ಮೂಗು, ಬಾಯಿ ಹೊಂದದೆ ಇನ್ನೇನಾದೀತು? ಅಂಟಿಸಿದ ಮುಖವಾದರೆ ಹೊಂದಬೇಕಾದದ್ದು ಆ ಒಂದು ಗಳಿಗೆಗಷ್ಟೇ ಸೇರಿದ ಸಂಗತಿಗಳು: ಕಣ್ಣೊಳಗಿನ ಬೆಳಕಿನ ಚುಕ್ಕಿ, ತುಟಿಯಡಿಯ ನೆರಳು, ಕೆನ್ನೆಗೆ ಬಿದ್ದ ಕೂದಲೆಳೆ. ವೋಗ್ ಮುಖಪುಟದಲ್ಲಿ ಕೇಟ್ ಹ್ಯಾಟ್ ಹಾಕಿದ್ದಾರೆ. ಹಣೆಯ ಮೇಲಿನ ಬೆಳಕನ್ನು ಅದರ ಜೊತೆ ಹೋಲಿಸಬೇಕಿತ್ತು. ಮುಖದ ಅಳತೆ ಹೋಲಿಸಿ ಗೆದ್ದೆವೆಂದವರು ಅದರ ಗೋಜಿಗೆ ಹೋಗಲಿಲ್ಲ.

ಎರಡನೆಯದು ಮೂಲದ ಜಾಡು. ಇಲ್ಲಿ ಅದು ಸುಲಭ: ಫೋಟೊ ಅರಮನೆಯ ಅಧಿಕೃತ ಖಾತೆಯಿಂದಲೇ ಬಂದಿತ್ತು, ತೆಗೆದವರು ಪತಿ ವಿಲಿಯಂ ಎಂದು ಹೇಳಲಾಗಿತ್ತು. ದಾರಿಯಲ್ಲಿ ಯಾರೋ ಕೈಯಾಡಿಸಿದ ಪ್ರತಿ ಇದಲ್ಲ, ದೋಷ ಮೂಲದಲ್ಲೇ ಇದೆ ಎಂಬುದು ಇದರಿಂದ ಖಚಿತವಾಯಿತು.

ಮೂರನೆಯದು ಮೆಟಾಡೇಟಾ, ಅಂದರೆ ಫೈಲಿನೊಳಗೆ ಅಡಗಿರುವ ದಾಖಲೆ: ಕ್ಯಾಮೆರಾ, ಸಮಯ, ಬಳಸಿದ ತಂತ್ರಾಂಶ. ಕಂಪ್ಯೂಟರಿನಲ್ಲಿ ಎಕ್ಸಿಫ್‌ಟೂಲ್ ಹಾಕಿಕೊಂಡು ಈ ಒಂದು ಸಾಲು ಕೊಟ್ಟರೆ ಸಾಕು:

```
exiftool photo.jpg
```

ಅರಮನೆಯ ಫೋಟೊವನ್ನು ಹೀಗೆ ಬಗೆದು ನೋಡಿದ ಪತ್ರಕರ್ತರಿಗೆ ಅದು ಮ್ಯಾಕ್ ಕಂಪ್ಯೂಟರಿನ ಫೋಟೊಶಾಪ್‌ನಲ್ಲಿ ಎರಡು ಸಲ, ಶುಕ್ರವಾರ ರಾತ್ರಿ ಮತ್ತು ಶನಿವಾರ ಬೆಳಿಗ್ಗೆ, ಉಳಿಸಲ್ಪಟ್ಟದ್ದು ಕಂಡಿತು. ಫೋಟೊಶಾಪ್‌ ತೆರೆದದ್ದಕ್ಕೆ ಇದು ಸಾಕ್ಷಿ. ಒಳಗೆ ಏನನ್ನು ಬದಲಿಸಿದರು ಎಂಬುದನ್ನು ಇದು ಹೇಳಲಾರದು. ಬಣ್ಣ ತಿದ್ದಿದರೂ ಅದೇ ಹೆಸರು, ತಲೆ ಬದಲಿಸಿದರೂ ಅದೇ ಹೆಸರು. ಕ್ಯಾಮೆರಾದ ಗಡಿಯಾರ ತಪ್ಪಿರಬಹುದು, ದಾಖಲೆಯನ್ನೂ ತಿದ್ದಬಹುದು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೊದಲ್ಲಿ ಇದು ಅಳಿಸಿಹೋಗಿರುತ್ತದೆ, ಹಾಗಾಗಿ ಮೆಟಾಡೇಟಾ ಇಲ್ಲದ್ದು ಸಂಶಯಕ್ಕೆ ಕಾರಣವೇ ಅಲ್ಲ. ಕಳಿಸಿದವರಿಗೆ ಮೂಲ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದು ಕೇಳಬೇಕು.

ಮುಖ ಅಂಟಿಸಿದ್ದು ಎಂದು ಖಚಿತವಾಗಿ ಹೇಳುವುದು ಹೇಗೆ ಎಂಬುದಕ್ಕೆ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಹೆಸರಿನಲ್ಲಿ 2023ರ ನವೆಂಬರ್‌ನಲ್ಲಿ ಓಡಾಡಿದ ಲಿಫ್ಟಿನ ವಿಡಿಯೊ ನೋಡಬಹುದು. ವಿಡಿಯೊವಾದರೂ ಕ್ರಮ ಇದೇ, ಒಂದೊಂದು ಚೌಕಟ್ಟನ್ನು ಚಿತ್ರವಾಗಿ ತೆಗೆದು ಹುಡುಕುವುದು. ಬೇರೊಬ್ಬ ಯುವತಿ ಅಕ್ಟೋಬರ್‌ನಲ್ಲೇ ಇನ್‌ಸ್ಟಾಗ್ರಾಂಗೆ ಹಾಕಿದ್ದ ಮೂಲ ಸಿಕ್ಕಿತು. ಬಟ್ಟೆ, ಲಿಫ್ಟು, ನಡಿಗೆ ಎಲ್ಲ ಅದೇ, ಮುಖ ಮಾತ್ರ ಬೇರೆ. ನಕಲಿಯ ಆರಂಭದಲ್ಲಿ ಕ್ಷಣಮಾತ್ರ ಮೂಲ ಮುಖವೂ ಇಣುಕಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ.

ಕೇಟ್ ಫೋಟೊಗೆ ಅಂಥ ಜೋಡಿ ಸಿಗಲಿಲ್ಲ. ಮಾರನೆಯ ದಿನ, ತಿದ್ದುವ ಪ್ರಯೋಗ ಆಗಾಗ ಮಾಡುತ್ತೇನೆಂದು ಆಕೆ ಕ್ಷಮೆ ಕೇಳಿದರು. ತಿದ್ದದ ಮೂಲವನ್ನು ಕೊಡಲು ಅರಮನೆ ಒಪ್ಪಲಿಲ್ಲ. ಹಾಗಾಗಿ ಆ ಫೋಟೊದ ಅಡಿಯಲ್ಲಿ ಬರೆಯಬಹುದಾದದ್ದು ಇಷ್ಟೇ: ಇದನ್ನು ತಿದ್ದಲಾಗಿದೆ, ಮುಖ ಅಂಟಿಸಿದ್ದಕ್ಕೆ ಪುರಾವೆ ಇಲ್ಲ.